ಸ್ಟಾಕ್ ಆಪ್ಷನ್‌ಗೆ ಊರಲ್ಲಿ ಹೆಚ್ಚು ಹಿಡಿದ ತೆರಿಗೆ: ಲೆಕ್ಕ ಹೊಂದಿಸಿ ಉತ್ತರ ಕೊಡುವುದು

ಬೆಂಗಳೂರಿನ ಶಾಖೆಯಿಂದ ಅಮೆರಿಕದ ಮಾತೃಸಂಸ್ಥೆಗೆ ವರ್ಗವಾಗಿ ಬಂದ ಕುಟುಂಬಗಳಿಗೆ ಮೊದಲ ವರ್ಷವೇ ಎದುರಾಗುವ ತೊಡಕು ಇದು. ಭಾರತದಲ್ಲಿದ್ದಾಗ ಕೊಟ್ಟ ಸ್ಟಾಕ್ ಆಪ್ಷನ್ ಇಲ್ಲಿಗೆ ಬಂದ ಮೇಲೆ ಕೈಸೇರುತ್ತದೆ. ಬೆಂಗಳೂರಿನ ಪೇರೋಲ್‌ನವರು ಷೇರುಗಳಲ್ಲೇ ಕೆಲವನ್ನು ಮಾರಿಸಿ, ಪೂರ್ತಿ ಲಾಭದ ಮೇಲೆ ಟಿಡಿಎಸ್ ಹಿಡಿದಿರುತ್ತಾರೆ. ಇಲ್ಲಿನ ಡಬ್ಲ್ಯು-2 ಪತ್ರದಲ್ಲೂ ಅದೇ ಲಾಭ ಪೂರ್ತಿಯಾಗಿ ಕುಳಿತಿರುತ್ತದೆ.

‘ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ಕ್ರೆಡಿಟ್ ಸಿಗುತ್ತಲ್ಲ, ಬಿಡಿ’ ಎನ್ನುವವರೇ ಹೆಚ್ಚು. ಅದು ಅರ್ಧ ಮಾತ್ರ ನಿಜ. ಬೇರೆ ದೇಶದಿಂದ ವಾಪಸು ಕೇಳಿ ಪಡೆಯಬಹುದಾಗಿದ್ದ ತೆರಿಗೆಯನ್ನು ಕೇಳದೆ ಬಿಟ್ಟರೆ, ಅದನ್ನು ಅಮೆರಿಕದ ಐಆರ್‌ಎಸ್ ಕಡ್ಡಾಯವಾಗಿ ಕಟ್ಟಿದ ತೆರಿಗೆಯೆಂದು ಒಪ್ಪುವುದಿಲ್ಲ, ಕ್ರೆಡಿಟ್ಟೂ ಕೊಡುವುದಿಲ್ಲ. ಭಾರತದಲ್ಲಿ ಹೆಚ್ಚಾಗಿ ಹೋದ ದುಡ್ಡನ್ನು ಭಾರತದಿಂದಲೇ ರೀಫಂಡ್ ಕೇಳಬೇಕು.

ಎಷ್ಟು ಹೆಚ್ಚಾಗಿದೆ ಎಂದು ಗೊತ್ತಾಗುವುದು ದಿನಗಳ ಲೆಕ್ಕದಿಂದ. ಕೆ.ಆರ್. ನಗರದ ಕಡೆಯ ಭೇರ್ಯದಿಂದ ಬಂದ ಎಂಜಿನಿಯರ್ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ; ಲೆಕ್ಕ ಸಲೀಸಾಗಲೆಂದು ಅಂಕಿಗಳನ್ನು ನಾನೇ ಹಾಕಿದ್ದೇನೆ. ಇವರಿಗೆ 2023ರ ಜನವರಿ 1ರಂದು 400 ಆಪ್ಷನ್ ಗ್ರಾಂಟ್ ಆಯಿತು. ಅಷ್ಟೂ 2025ರ ಜನವರಿ 1ಕ್ಕೆ ವೆಸ್ಟ್ ಆದವು. 2024ರ ಜೂನ್ 30ರವರೆಗೆ ಬೆಂಗಳೂರಿನಲ್ಲಿ ಕೆಲಸ, ಜುಲೈ 1ರಿಂದ ಅಮೆರಿಕದಲ್ಲಿ. ಫೆಬ್ರುವರಿಯಲ್ಲಿ ಷೇರು ತೆಗೆದುಕೊಂಡಾಗ ಒಂದರ ಬೆಲೆ 5,155 ರೂಪಾಯಿ, ಇವರು ಕೊಡಬೇಕಾದದ್ದು 1,500. ಷೇರಿಗೆ 3,655ರಂತೆ ಒಟ್ಟು 14,62,000 ರೂಪಾಯಿ ಪರ್ಕ್ವಿಸಿಟ್ ಎಂದು ಫಾರ್ಮ್ 16ಕ್ಕೆ ಬಂತು.

ಗ್ರಾಂಟ್‌ನಿಂದ ವೆಸ್ಟ್‌ವರೆಗೆ ಒಟ್ಟು 731 ದಿನ. ಅದರಲ್ಲಿ ಭಾರತದ ದಿನ 547, ಅಮೆರಿಕದ್ದು 184. ಅದೇ ಪ್ರಮಾಣದಲ್ಲಿ ಹಂಚಿದರೆ ಭಾರತದ ದುಡಿಮೆಗೆ ಸೇರಿದ್ದು 10,94,000, ಅಮೆರಿಕದ್ದು 3,68,000. ಆ ಆರ್ಥಿಕ ವರ್ಷ ಭಾರತದಲ್ಲಿ ಇದ್ದದ್ದು ಏಪ್ರಿಲ್‌ನಿಂದ ಜೂನ್‌ವರೆಗಿನ 91 ದಿನ ಮಾತ್ರ. ಕೆಲಸಕ್ಕೆಂದು ದೇಶ ಬಿಟ್ಟವರಿಗೆ 182 ದಿನದ ಮಿತಿ ಇರುವುದರಿಂದ ಇವರು ಅನಿವಾಸಿ. ಅನಿವಾಸಿಯ ಹೊರದೇಶದ ದುಡಿಮೆ ಅಲ್ಲೇ ಕೈಸೇರಿದರೆ ಭಾರತದಲ್ಲಿ ತೆರಿಗೆಯಿಲ್ಲ. 30 ಪರ್ಸೆಂಟ್ ಹಂತದಲ್ಲಿರುವವರಿಗೆ ಸೆಸ್ ಸೇರಿ 31.2 ಪರ್ಸೆಂಟ್, 3,68,000ಕ್ಕೆ ಅದು 1,14,816 ರೂಪಾಯಿ. ಹೆಚ್ಚಾಗಿ ಹೋದದ್ದು ಇಷ್ಟು.

ಎಣಿಸುವಾಗ ಎರಡು ಕಡೆ ಜನ ಎಡವುತ್ತಾರೆ. ವೆಸ್ಟ್ ಆದ ಮೇಲೆ ಷೇರು ಕೊಳ್ಳದೆ ಕಾದ ದಿನಗಳನ್ನೂ ಸೇರಿಸಿ ಅಮೆರಿಕದ ಪಾಲು ಹಿಗ್ಗಿಸುವುದು ಒಂದು. ಆ ದಿನಗಳು ಲೆಕ್ಕಕ್ಕಿಲ್ಲ. ಇನ್ನೊಂದು, ಹಬ್ಬಕ್ಕೆಂದು ಊರಿಗೆ ಹೋಗಿ, ರಜೆ ಮುಗಿದ ಮೇಲೂ ಜಗಲಿಯಲ್ಲೇ ಲ್ಯಾಪ್‌ಟಾಪ್ ತೆರೆದು ಹದಿನೈದು ದಿನ ಕೆಲಸ ಮಾಡುವುದು. ಸಂಬಳ ಅಮೆರಿಕದಿಂದ ಬಂದರೂ ಆ ದಿನಗಳು ಭಾರತದ ಪಾಲಿಗೇ ಹೋಗುತ್ತವೆ. ಪಾಸ್‌ಪೋರ್ಟಿನ ಮುದ್ರೆ ಸುಳ್ಳು ಹೇಳುವುದಿಲ್ಲ.

ಡಬ್ಲ್ಯು-2ರ ಡಾಲರಿಗೂ ಫಾರ್ಮ್ 16ರ ರೂಪಾಯಿಗೂ ತಾಳೆಯಾಗಲಿಲ್ಲವೆಂದು ಗಾಬರಿ ಬೇಡ. ಅಮೆರಿಕದ ಷೇರುಪೇಟೆಯಲ್ಲಿದ್ದರೂ ಭಾರತದ ಪೇಟೆಯಲ್ಲಿ ಇಲ್ಲದ ಷೇರಿಗೆ ಅಲ್ಲಿ ಮರ್ಚೆಂಟ್ ಬ್ಯಾಂಕರ್ ಬೆಲೆ ಕಟ್ಟಬೇಕು; ಡಾಲರ್ ದರ ಸ್ಟೇಟ್ ಬ್ಯಾಂಕಿನದು. ಎರಡು ಅಂಕಿ ಬೇರೆಯಾಗುವುದು ಸಹಜ. ನೋಟಿಸು ಬಂದರೆ ಉತ್ತರದಲ್ಲಿ ಈ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಮಾರ್ಚ್ 31ರೊಳಗೆ ಗೊತ್ತಾದರೆ ಪೇರೋಲ್‌ನವರನ್ನೇ ಕೇಳಿ; ಆ ವರ್ಷದೊಳಗೆ ಹೆಚ್ಚುಕಡಿಮೆ ಸರಿಪಡಿಸಲು ಅವರಿಗೆ ಅವಕಾಶವಿದೆ. ಆಮೇಲಾದರೆ ರಿಟರ್ನ್ ಒಂದೇ ದಾರಿ. ಐಟಿಆರ್-2ರಲ್ಲಿ ಸಂಬಳದ ಭಾಗಕ್ಕೆ 10,94,000 ಹಾಕಿ, ಉಳಿದ 3,68,000ವನ್ನು ಸುಮ್ಮನೆ ಬಿಟ್ಟುಬಿಟ್ಟರೆ ನೋಟಿಸು ಬಂತೆಂದೇ ತಿಳಿಯಿರಿ. ಅದನ್ನು `Schedule EI`ನಲ್ಲಿ, ಒಪ್ಪಂದದ ಪ್ರಕಾರ ತೆರಿಗೆಗೆ ಸೇರದ ಆದಾಯ ಎಂಬ ಜಾಗದಲ್ಲಿ ತೋರಿಸಿ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 16ನೇ ವಿಧಿ ಸಂಬಳದ್ದು. `Schedule EI`ನ ಆ ಸಾಲು ಅಮೆರಿಕದ ನಿವಾಸ ಪ್ರಮಾಣಪತ್ರ ಇದೆಯೇ ಎಂದು ಕೇಳುತ್ತದೆ. ಐಆರ್‌ಎಸ್ ಕೊಡುವ ಫಾರ್ಮ್ 6166 ಅದು, ಫಾರ್ಮ್ 8802 ಹಾಕಿ ತರಿಸಬೇಕು. ಬರುವುದು ನಿಧಾನ, ಬೇಗ ಹಾಕಿ. ಜೊತೆಗೆ ಪೋರ್ಟಲ್‌ನಲ್ಲಿ ಫಾರ್ಮ್ 10ಎಫ್ ತುಂಬಬೇಕು.

ಇಷ್ಟಾದರೂ 139(9)ರ ನೋಟಿಸು ಬರಬಹುದು: ‘ಟಿಡಿಎಸ್ ಪೂರ್ತಿ ಕೇಳಿದ್ದೀರಿ, ಅದಕ್ಕೆ ತಕ್ಕ ಆದಾಯ ತೋರಿಸಿಲ್ಲ, ರಿಟರ್ನ್ ದೋಷಪೂರಿತ’ ಎಂಬ ಧಾಟಿಯದು. ಉತ್ತರಕ್ಕೆ 15 ದಿನ. ಸುಮ್ಮನಿದ್ದರೆ ರಿಟರ್ನ್ ಹಾಕಲೇ ಇಲ್ಲವೆಂದು ಆಗಿಬಿಡಬಹುದು. ಪೋರ್ಟಲ್‌ನಲ್ಲಿ `Pending Actions`, ಅಲ್ಲಿಂದ `e-Proceedings`. ನೋಟಿಸಿಗೆ ಹೆದರಿ `Agree` ಒತ್ತಿ ಪೂರ್ತಿ ಲಾಭ ಒಪ್ಪಿಕೊಂಡವರಿದ್ದಾರೆ. ಲೆಕ್ಕ ಸರಿಯಿದ್ದರೆ ಒತ್ತಬೇಕಾದದ್ದು `Disagree`.

ಉತ್ತರಕ್ಕೆ ಕಥೆ ಬೇಡ, ಅಂಕಿ ಕೂಡಬೇಕು. ನಮ್ಮ ಉದಾಹರಣೆಯ ಎಂಜಿನಿಯರ್ ಉತ್ತರವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಫಾರ್ಮ್ 16ರ ಪರ್ಕ್ವಿಸಿಟ್ 14,62,000. ಸಂಬಳದಲ್ಲಿ ತೋರಿಸಿದ್ದು 10,94,000, ಶೆಡ್ಯೂಲ್ ಇಐನಲ್ಲಿ ತೋರಿಸಿದ್ದು 3,68,000. ಎರಡೂ ಸೇರಿ 14,62,000, ಯಾವ ಮೊತ್ತವೂ ಬಿಟ್ಟಿಲ್ಲ. 1.7.2024ರಿಂದ ಅಮೆರಿಕದಲ್ಲಿ ಕೆಲಸ. 731 ದಿನಗಳಲ್ಲಿ 184 ಅಲ್ಲಿನವು. ಉದ್ಯೋಗದಾತರು ಪೂರ್ತಿ ಮೊತ್ತದ ಮೇಲೆ ತೆರಿಗೆ ಹಿಡಿದಿರುವುದರಿಂದ ಪೂರ್ತಿ ಟಿಡಿಎಸ್ ಕೇಳಿದ್ದೇನೆ.’ ಜೊತೆಗೆ ಗ್ರಾಂಟ್ ಪತ್ರ, ವೆಸ್ಟಿಂಗ್ ಪಟ್ಟಿ, ವರ್ಗಾವಣೆ ಪತ್ರ, ಫಾರ್ಮ್ 12ಬಿಎ, ಪಾಸ್‌ಪೋರ್ಟಿನ ಪುಟ, ಡಬ್ಲ್ಯು-2.

ಈ ದಿನವಾರು ಹಂಚಿಕೆ ಕಾನೂನಿನಲ್ಲಿ ಸೂತ್ರವಾಗಿ ಬರೆದಿಲ್ಲ. ದೆಹಲಿಯ ಆದಾಯ ತೆರಿಗೆ ನ್ಯಾಯಮಂಡಳಿ 2013ರಲ್ಲಿ ರಾಬರ್ಟ್ ಆರ್ಥರ್ ಕೆಲ್ಟ್ಜ್ ಪ್ರಕರಣದಲ್ಲಿ ಒಪ್ಪಿದ್ದು ನಿಮಗೆ ಆಧಾರ. ಕರ್ನಾಟಕ ಹೈಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಸಿರ್ಫ್ ಎಂಬ ಅಮೆರಿಕನ್ ಕಂಪನಿಯ ಆಪ್ಷನ್ ಕುರಿತು ಕೊಟ್ಟ ತೀರ್ಪು ಬೇರೆ ಬಗೆಯದು: ಆಪ್ಷನ್ ಕೊಟ್ಟಾಗ ಅದನ್ನು ಪಡೆದಾತ ಆ ಕಂಪನಿಯ ನೌಕರನೇ ಅಲ್ಲ, ಸಲಹೆಗಾರ, ಹಾಗಾಗಿ ಅದು ಸಂಬಳವಲ್ಲ, ಬಂಡವಾಳ ಲಾಭ ಎಂದಿತು. ಸಲಹೆಗಾರರಾಗಿ ಆಪ್ಷನ್ ಪಡೆದವರು ಮೊದಲು ಅದನ್ನೇ ನೋಡಬೇಕು. ನೌಕರರಿಗೂ ಒಂದು ಎಚ್ಚರ: ಷೇರು ಮಾರಿದ ದುಡ್ಡು ನೇರ ಬೆಂಗಳೂರಿನ ಸಂಬಳದ ಖಾತೆಗೇ ಬಂದಿದ್ದರೆ ಹಂಚಿಕೆಯ ವಾದ ಸಡಿಲ. ಅನಿವಾಸಿಗೂ ಭಾರತದಲ್ಲೇ ಮೊದಲು ಕೈಸೇರಿದ ಆದಾಯಕ್ಕೆ ಅಲ್ಲಿ ತೆರಿಗೆಯುಂಟು. ಆಗ ಒಪ್ಪಂದವೊಂದೇ ಆಸರೆ.

ಇಷ್ಟೆಲ್ಲ ಸಿದ್ಧವಾಗಿಯೂ ಕಡೆಗೆ ಕೆಲಸ ನಿಲ್ಲುವುದು ಒಟಿಪಿಯಲ್ಲಿ. ಸಿಮ್ ಭೇರ್ಯದಲ್ಲಿ ಅಪ್ಪನ ಹಳೆಯ ಫೋನಿನಲ್ಲಿರುತ್ತದೆ, ರೀಚಾರ್ಜ್ ಮುಗಿದಿರುತ್ತದೆ, ಇಲ್ಲಿ ಸಂಜೆಯಾದಾಗ ಅಲ್ಲಿ ನಸುಕು. ಪೋರ್ಟಲ್‌ನಲ್ಲಿ ಇಮೇಲ್ ಮತ್ತು ನಂಬರ್ ಈಗಲೇ ಬದಲಿಸಿಡಿ. ರೀಫಂಡ್ ಬೀಳುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ಪೋರ್ಟಲ್‌ನಲ್ಲಿ ಮತ್ತೆ ದೃಢೀಕರಿಸಿ. ರೀಫಂಡ್ ಜೊತೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಬಂದರೆ, ಅದನ್ನು ಮುಂದಿನ ವರ್ಷ ಎರಡೂ ದೇಶದ ರಿಟರ್ನ್‌ಗಳಲ್ಲಿ ತೋರಿಸಬೇಕು.