ಮೇಲಿನ ಹತ್ತನೇ ಒಂದು ಭಾಗಕ್ಕೆ ಎಷ್ಟು ಅಂಕ ಬೇಕು?

ತರಗತಿಯ ಮೇಲಿನ ಹತ್ತನೇ ಒಂದು ಭಾಗದಲ್ಲಿ ಸ್ಥಾನ ಬಯಸುವ ವಿದ್ಯಾರ್ಥಿಯು ಕಳೆದ ವರ್ಷದ ಅಂಕ ಹಂಚಿಕೆಯನ್ನು, ಅಂದರೆ ಯಾವ ಅಂಕವರ್ಗದಲ್ಲಿ ಎಷ್ಟು ಮಂದಿ ಇದ್ದರೆಂಬ ಪಟ್ಟಿಯನ್ನು, ಮೇಲಿನಿಂದ ಕೆಳಕ್ಕೆ ಕೂಡುತ್ತ ಬರಬೇಕು. ಉದಾಹರಣೆಗೆ, 400 ಮಂದಿಯಲ್ಲಿ 90 ಮತ್ತು ಅದಕ್ಕೂ ಹೆಚ್ಚು ಅಂಕ ಪಡೆದವರು 16, 80ರಿಂದ 89ರವರೆಗಿನವರು 60 ಎಂದಿಟ್ಟುಕೊಂಡರೆ, ಬೇಕಾದ 40 ಸ್ಥಾನಗಳಲ್ಲಿ 16 ಮೇಲಿನ ವರ್ಗದಲ್ಲೇ ತುಂಬಿ, ಉಳಿದ 24 ಎರಡನೆಯ ವರ್ಗದಿಂದ ಬರಬೇಕಾಗುತ್ತದೆ. ಆ 60 ಮಂದಿ ಹತ್ತೂ ಅಂಕಗಳಲ್ಲಿ ಸಮನಾಗಿ, ಅಂಕಕ್ಕೆ ಆರು ಮಂದಿಯಂತೆ, ಹರಡಿದ್ದಾರೆಂದು ಭಾವಿಸಿದರೆ 24 ಮಂದಿಗೆ ನಾಲ್ಕು ಅಂಕ ಕೆಳಗಿಳಿಯಬೇಕು. ಗಡಿ ಅಂಕ 86.

ವಾಸ್ತವದಲ್ಲಿ ಅಂಕ ಏರಿದಂತೆ ವಿದ್ಯಾರ್ಥಿಗಳು ವಿರಳರಾಗುವುದರಿಂದ, ಆ 60 ಮಂದಿಯಲ್ಲಿ ಹೆಚ್ಚಿನವರು 80ರ ಸಮೀಪದಲ್ಲೇ ಇರುವ ಸಂಭವವಿದ್ದು, ನಿಜವಾದ ಗಡಿ 86ಕ್ಕಿಂತ ತುಸು ಕೆಳಗೇ ಇರಬಹುದು; ಆದ್ದರಿಂದ ಈ ಅಂದಾಜು ಸುರಕ್ಷಿತ ಬದಿಗೆ ವಾಲುತ್ತದೆ. ಆದರೆ ಪ್ರಶ್ನೆಪತ್ರಿಕೆ ಸುಲಭವಾದರೆ ಇಡೀ ಹಂಚಿಕೆಯೇ ಮೇಲಕ್ಕೆ ಸರಿದು, ಅದೇ 86 ಅಂಕ ಪಡೆದವರು ಹಿಂದೆ ಬೀಳುತ್ತಾರೆ. ಹೀಗಾಗಿ ಮೂರು ವರ್ಷಗಳ ಗಡಿಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕಿ, ಸರಾಸರಿಯನ್ನಲ್ಲ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಗುರಿಯಾಗಿಟ್ಟುಕೊಳ್ಳುವುದು ಲೇಸು.