ಗೃಹಪ್ರವೇಶದ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು

ಹೊಸದಾಗಿ ಮನೆ ಕಟ್ಟಿಕೊಡುವ ಕೆಲಸಕ್ಕೆ ಇಳಿದವರಿಗೆ ಕಾಂಕ್ರೀಟಿಗಿಂತ ಕಷ್ಟವೆನಿಸುವುದು ‘ಕೆಲಸ ತಡವಾಗುತ್ತದೆ’ ಎಂದು ಮಾಲೀಕರಿಗೆ ಹೇಳುವುದು. ಒಂದು ಉದಾಹರಣೆ ಹಿಡಿದು ಅದನ್ನು ಕಲಿಯೋಣ.

ನವೆಂಬರ್ 28ಕ್ಕೆ ಮನೆ ಒಪ್ಪಿಸುತ್ತೇವೆಂದು ಮಾತು ಕೊಟ್ಟಿದ್ದೀರಿ. ಮಾಲೀಕರು ಡಿಸೆಂಬರ್ 5ಕ್ಕೆ ಗೃಹಪ್ರವೇಶ ಇಟ್ಟುಕೊಂಡಿದ್ದಾರೆ. ಸೆಪ್ಟೆಂಬರ್ 10ರಂದು ಹಾಕಬೇಕಿದ್ದ ಮೋಲ್ಡ್ ಮಳೆಯಿಂದಾಗಿ 24ಕ್ಕೆ ಬಿತ್ತು. ಈ ಹದಿನಾಲ್ಕು ದಿನವನ್ನು ಆಳು ಹೆಚ್ಚಿಸಿ ಹಿಂದಕ್ಕೆ ಪಡೆಯುವುದು ಕಷ್ಟ. ನಾಲ್ಕೂವರೆ ಮೀಟರಿಗಿಂತ ಅಗಲದ ಚಾವಣಿಯಾದರೆ, ಕೆಳಗಿನ ಆಸರೆ ಕಂಬಗಳು ಸಾಮಾನ್ಯವಾಗಿ 14 ದಿನ ಇರಲೇಬೇಕು. ಅವು ಇರುವ ತನಕ ಒಳಗೆ ಗಾರೆ ಕೆಲಸ ಸಾಗುವುದಿಲ್ಲ. ಹಾಗಾಗಿ ಮನೆ ಒಪ್ಪಿಸುವ ದಿನ ಡಿಸೆಂಬರ್ 12ಕ್ಕೆ ಹೋಗುತ್ತದೆ.

ಬರೆಯುವ ಮೊದಲು ಮಾಲೀಕರ ಕ್ಯಾಲೆಂಡರ್ ನೋಡಿ. ಡಿಸೆಂಬರ್ ನಡುವೆ ಧನುರ್ಮಾಸ ಶುರುವಾದರೆ ಸಂಕ್ರಾಂತಿಯವರೆಗೆ ಹಲವರು ಗೃಹಪ್ರವೇಶ ಮಾಡುವುದಿಲ್ಲ. ನಿಮ್ಮ ಎರಡು ವಾರ ಅವರಿಗೆ ಒಂದೂವರೆ ತಿಂಗಳಾಗಬಹುದು. ಬಾಡಿಗೆ ಮನೆ ಬಿಡುವ ನೋಟಿಸ್ ಕೊಟ್ಟಿದ್ದರೆ ಇನ್ನೂ ಕಷ್ಟ. ಆದ್ದರಿಂದ ಲೆಕ್ಕ ಸಿಕ್ಕ ದಿನವೇ, ಪತ್ರಿಕೆ ಅಚ್ಚಾಗುವ ಮೊದಲು, ಫೋನ್ ಮಾಡಿ. ಅದೇ ಸಂಜೆ ಹೀಗೆ ಬರೆದು ಕಳಿಸಿ:

“ಸರ್, ನಮಸ್ಕಾರ. ನವೆಂಬರ್ 28ಕ್ಕೆ ಮನೆ ಒಪ್ಪಿಸಲು ಆಗುವುದಿಲ್ಲ, ಕ್ಷಮಿಸಿ. ಹೊಸ ದಿನಾಂಕ ಡಿಸೆಂಬರ್ 18. ಮಳೆಯಿಂದ ಮೋಲ್ಡ್ 14 ದಿನ ತಡವಾಯಿತು. ಆಸರೆ ತೆಗೆಯುವುದು ಅಕ್ಟೋಬರ್ 8ಕ್ಕೆ. ನಿಮ್ಮ ಮುಹೂರ್ತಕ್ಕೆ ಎರಡು ದಾರಿ ಇವೆ. ಹಾಲ್, ಅಡುಗೆಮನೆ, ದೇವರಮನೆ ಮೊದಲು ಮುಗಿಸಿಕೊಡುತ್ತೇನೆ, 5ಕ್ಕೇ ಪೂಜೆ ಮಾಡಿ, 18ರ ನಂತರ ವಾಸಕ್ಕೆ ಬನ್ನಿ. ಇಲ್ಲವೇ ಸಂಕ್ರಾಂತಿ ನಂತರದ ಮುಹೂರ್ತ ನೋಡಿಸಿ. ಸೆಪ್ಟೆಂಬರ್ 28ರೊಳಗೆ ತಿಳಿಸಿದರೆ ಅದರಂತೆ ಕೆಲಸ ಜೋಡಿಸುತ್ತೇನೆ. ಅಕ್ಟೋಬರ್ 8ರ ಸಂಜೆ ಫೋಟೊ ಕಳಿಸುತ್ತೇನೆ.”

ಕೆಟ್ಟ ಸುದ್ದಿ ಮೊದಲ ಸಾಲಿನಲ್ಲೇ ಇದೆ. ಕಾರಣಕ್ಕೆ ಒಂದೇ ವಾಕ್ಯ. ಮಳೆಯ ವರ್ಣನೆ ಉದ್ದವಾದಷ್ಟೂ ಅದು ನೆಪದಂತೆ ಕೇಳುತ್ತದೆ. ಲೆಕ್ಕ 12 ಎಂದರೂ 18 ಎಂದು ಬರೆದದ್ದು ಟೈಲ್ಸಿಗೋ ಬಣ್ಣಕ್ಕೋ ಒಂದೆರಡು ದಿನ ಹೆಚ್ಚು ಹಿಡಿದರೂ ಮಾತು ಉಳಿಯಲೆಂದು. ಒಮ್ಮೆ ದಿನ ಮುಂದೂಡಿದರೆ ಮಾಲೀಕರು ತಾಳಿಕೊಳ್ಳುತ್ತಾರೆ. ಎರಡನೆಯ ಸಲ ನಿಮ್ಮ ಯಾವ ದಿನಾಂಕವನ್ನೂ ನಂಬುವುದಿಲ್ಲ. ಮೊದಲ ದಾರಿಯನ್ನು ಗಾರೆ ಮೇಸ್ತ್ರಿ, ಟೈಲ್ಸಿನವರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಬರೆಯಿರಿ.

‘ಸ್ವಲ್ಪ ತಡವಾಗಬಹುದು, ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದಷ್ಟೇ ಬರೆದರೆ, ‘ಹಾಗಾದರೆ ಯಾವತ್ತು?’ ಎಂದು ಉತ್ತರ ಬರುತ್ತದೆ. ಆ ಪ್ರಶ್ನೆ ಬಂದರೆ ನಿಮ್ಮ ಸಂದೇಶ ಅರ್ಧಕ್ಕೇ ನಿಂತಿದೆ ಎಂದು ತಿಳಿಯಿರಿ. ಇನ್ನು ಅಕ್ಟೋಬರ್ 8ರ ಸಂಜೆ, ಅವರು ಕೇಳುವ ಮೊದಲೇ, ಆ ಫೋಟೊ ಹೋಗಿರಬೇಕು.