ತ್ರೀ-ಡಿ ಮುದ್ರಣದಲ್ಲಿ ಬಿಡಿಭಾಗವನ್ನು ಯಾವ ಮಗ್ಗುಲಲ್ಲಿ ಇಡಬೇಕು? – ಒಂದು ವೆಚ್ಚ ವಿಶ್ಲೇಷಣೆ

ನಮ್ಮ ಸಣ್ಣ ಕೈಗಾರಿಕಾ ಘಟಕಗಳು ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಪೇರಿಸುವ ತ್ರೀ-ಡಿ ಮುದ್ರಣ ಯಂತ್ರಗಳನ್ನು ಬಳಸುತ್ತಿರುವುದು ಸದಸ್ಯರಿಗೆ ತಿಳಿದ ವಿಷಯವೇ ಆಗಿದೆ. ಬಿಡಿಭಾಗವನ್ನು ಯಂತ್ರದ ತಟ್ಟೆಯ ಮೇಲೆ ಯಾವ ಮಗ್ಗುಲಲ್ಲಿ ಇಟ್ಟು ಮುದ್ರಿಸಬೇಕು ಎಂಬ ನಿರ್ಧಾರವನ್ನು ಸಾಮಾನ್ಯವಾಗಿ ಯಂತ್ರ ನಡೆಸುವವರಿಗೇ ಬಿಟ್ಟುಬಿಡುತ್ತೇವೆ. ಆದರೆ ವಸ್ತುವಿನ ವೆಚ್ಚ ಮತ್ತು ಬಲ ಎರಡೂ ಬಹುಮಟ್ಟಿಗೆ ಈ ಒಂದು ನಿರ್ಧಾರವನ್ನೇ ಅವಲಂಬಿಸಿವೆ. ನಾನು ಲೆಕ್ಕಪತ್ರ ಪರಿಶೀಲಿಸುವ ಒಂದು ಘಟಕದ ಅನುಭವವನ್ನು ಆಧರಿಸಿ ಇದನ್ನು ವಿವರಿಸಲು ಈ ಲೇಖನದಲ್ಲಿ ಪ್ರಯತ್ನಿಸಲಾಗಿದೆ.

ಆ ಘಟಕಕ್ಕೆ ಗೋಡೆಗೆ ಹಲಗೆ ಕೂರಿಸುವ ಎಲ್ ಆಕಾರದ 50 ಬ್ರಾಕೆಟ್‌ಗಳ ಬೇಡಿಕೆ ಬಂದಿತ್ತು. ಎರಡು ತೋಳುಗಳ ಉದ್ದ ತಲಾ 60 ಮಿ.ಮೀ., ಅಗಲ 30 ಮಿ.ಮೀ., ದಪ್ಪ 5 ಮಿ.ಮೀ.; ಪ್ರತಿ ತೋಳಿಗೆ ಎರಡು ಸ್ಕ್ರೂ ರಂಧ್ರಗಳು. ಆಯ್ದುಕೊಂಡ ವಸ್ತು ಪಿಇಟಿಜಿ. ಒಳಗೆ ಪೊಳ್ಳಿಲ್ಲದಂತೆ ಗಟ್ಟಿಯಾಗಿ ಮುದ್ರಿಸಿದರೆ ಒಂದರ ತೂಕ ಸುಮಾರು 21 ಗ್ರಾಂ.

ಮೊದಲ ಮಾದರಿಯನ್ನು ನಕ್ಷೆಯಲ್ಲಿ ಇದ್ದಂತೆಯೇ, ಅಂದರೆ ಗೋಡೆಯ ಮೇಲೆ ಅದು ಇರುವ ಭಂಗಿಯಲ್ಲೇ ಮುದ್ರಿಸಲಾಯಿತು. ಗೋಡೆಗೆ ತಾಗುವ ತೋಳು ನೇರವಾಗಿ ನಿಂತಿತ್ತು. ಹಲಗೆ ಹೊರುವ ತೋಳು ಮೇಲ್ತುದಿಯಿಂದ ಅಡ್ಡಲಾಗಿ ಚಾಚಿತ್ತು. ತೊಂದರೆ ಆರಂಭವಾದದ್ದು ಇಲ್ಲಿಯೇ. ಯಂತ್ರವು ಪ್ರತಿ ಪದರವನ್ನೂ ಕೆಳಗಿನ ಪದರದ ಮೇಲೆಯೇ ಇಡಬೇಕಾಗುತ್ತದೆ. ಪದರದ ದಪ್ಪ 0.2 ಮಿ.ಮೀ. ಇದ್ದು, ಮೇಲ್ಮೈ 45 ಡಿಗ್ರಿಯಷ್ಟು ಓರೆಯಾಗಿದ್ದರೆ, ಪ್ರತಿ ಹೊಸ ಪದರವು 0.2 ಮಿ.ಮೀ. ಮಾತ್ರ ಹೊರಚಾಚುತ್ತದೆ. ಎಳೆಯ ಅಗಲ 0.4 ಮಿ.ಮೀ. ಇರುವುದರಿಂದ ಅದರ ಅರ್ಧ ಭಾಗಕ್ಕೆ ಕೆಳಗಿನ ಪದರದ ಆಸರೆ ದೊರೆಯುತ್ತದೆ. ಓರೆ ಇದಕ್ಕಿಂತ ಹೆಚ್ಚಿ ಅಡ್ಡವಾಗುತ್ತ ಹೋದಂತೆ ಆಸರೆ ಕಡಿಮೆಯಾಗಿ ಎಳೆ ಜೋತು ಬೀಳುತ್ತದೆ. ಎರಡು ತುದಿಗಳಲ್ಲೂ ಆಸರೆಯಿರುವ ಕಿರಿದಾದ ಅಂತರವನ್ನು ಯಂತ್ರವು ಸೇತುವೆಯಂತೆ ದಾಟಬಲ್ಲದು. ಆದರೆ ಒಂದೇ ತುದಿಯಲ್ಲಿ ಆಸರೆಯಿರುವ 55 ಮಿ.ಮೀ. ಚಾಚನ್ನು ದಾಟಲಾರದು.

ಆದಕಾರಣ ಆ ತೋಳಿನ ಕೆಳಗೆ, ತಟ್ಟೆಯವರೆಗೂ, ಸಪೋರ್ಟ್ ಎಂಬ ತಾತ್ಕಾಲಿಕ ಆಸರೆ ಮುದ್ರಿಸಬೇಕಾಯಿತು. 55 x 55 x 30 ಮಿ.ಮೀ. ಜಾಗವನ್ನು ಶೇ. 15ರ ಸಾಂದ್ರತೆಯಲ್ಲಿ ತುಂಬಿದರೂ ಸುಮಾರು 17 ಗ್ರಾಂ ಬೇಕು. ಅಂದರೆ 21 ಗ್ರಾಂ ಮಾಲಿಗೆ 17 ಗ್ರಾಂ ಕಸ. ಅದನ್ನು ಕಿತ್ತ ಮೇಲೆ ತೋಳಿನ ಕೆಳಮೈ ಒರಟಾಗಿಯೂ ಉಳಿಯಿತು.

ಲೆಕ್ಕದ ಅನುಕೂಲಕ್ಕಾಗಿ ಕಚ್ಚಾವಸ್ತು ಕಿಲೋಗೆ ರೂ. 1,000, ಯಂತ್ರದ ವೆಚ್ಚ ಗಂಟೆಗೆ ರೂ. 40, ಕೂಲಿ ಗಂಟೆಗೆ ರೂ. 120 ಎಂದು ಇಟ್ಟುಕೊಳ್ಳೋಣ. ಬ್ರಾಕೆಟ್ಟಿಗೆ ಒಂದೂವರೆ ಗಂಟೆ ಹಿಡಿದರೆ ವಸ್ತುವಿಗೆ ರೂ. 21 ಮತ್ತು ಯಂತ್ರಕ್ಕೆ ರೂ. 60 ಸೇರಿ ಒಟ್ಟು ರೂ. 81. ಆಸರೆಗೆ ಅದೇ ವೇಗದಲ್ಲಿ ಸುಮಾರು 73 ನಿಮಿಷ ಹಿಡಿಯುತ್ತದೆ: ವಸ್ತು ರೂ. 17, ಯಂತ್ರ ರೂ. 49, ಕಿತ್ತು ಉಜ್ಜುವ ಹತ್ತು ನಿಮಿಷದ ಕೂಲಿ ರೂ. 20. ಹೀಗೆ ರೂ. 81ರ ಮಾಲು ರೂ. 167ಕ್ಕೆ ಏರಿತು.

ದರ ದುಬಾರಿಯೆಂದು ಗ್ರಾಹಕರು ಆಕ್ಷೇಪಿಸಿದಾಗ, ಯಂತ್ರ ನಡೆಸುವವರು ಬ್ರಾಕೆಟ್ಟನ್ನು ತಲೆಕೆಳಗು ಮಾಡಿದರು. ಹಲಗೆ ಹೊರುವ ತೋಳು ಈಗ ತಟ್ಟೆಯ ಮೇಲೆ ಮಲಗಿತು, ಇನ್ನೊಂದು ತೋಳು ಅದರ ಮೇಲೆ ನೇರವಾಗಿ ನಿಂತಿತು. ಆಸರೆಯ ಅಗತ್ಯವೇ ಉಳಿಯಲಿಲ್ಲ. ನಗಕ್ಕೆ ರೂ. 86ರಂತೆ 50 ನಗಗಳಿಗೆ ರೂ. 4,300 ಉಳಿತಾಯವೆಂದು ಘಟಕದ ಮಾಲೀಕರು ಸಂತೋಷಪಟ್ಟರು. ಮಾಲು ರವಾನೆಯಾಯಿತು. ಆದರೆ ಹಲಗೆ ಕೂರಿಸಿ ಸಾಮಾನು ಇಟ್ಟ ಕೆಲವೇ ದಿನಗಳಲ್ಲಿ ಬ್ರಾಕೆಟ್‌ಗಳು ಮೂಲೆಯಲ್ಲಿ ಮುರಿಯತೊಡಗಿ, ಇಡೀ ಸರಕು ಹಿಂತಿರುಗಿ ಬಂದಿತು.

ಮುರಿದ ತುಂಡೇ ಕಾರಣವನ್ನು ಹೇಳುತ್ತಿತ್ತು. ಮುರಿದ ಮೈ ಪದರಕ್ಕೆ ಸಮಾನಾಂತರವಾಗಿ, ಸೀಳಿದ ಹಲಗೆಯಂತೆ ಸಪಾಟಾಗಿತ್ತು. ಮರವನ್ನು ಎಳೆಯ ಗುಂಟ ಸೀಳುವುದು ಸುಲಭ, ಎಳೆಗೆ ಅಡ್ಡಲಾಗಿ ಮುರಿಯುವುದು ಕಷ್ಟ ಎಂಬುದು ಪ್ರತಿ ಬಡಗಿಗೂ ಗೊತ್ತು. ಇಲ್ಲಿಯೂ ಅಷ್ಟೇ. ಹೊಸ ಪದರ ಬೀಳುವ ಹೊತ್ತಿಗೆ ಕೆಳಗಿನ ಪದರ ತಣ್ಣಗಾಗಿರುವುದರಿಂದ ಅವುಗಳ ನಡುವಿನ ಬೆಸುಗೆಯು ಎಳೆಯಷ್ಟು ಗಟ್ಟಿಯಾಗಿರುವುದಿಲ್ಲ. ಹಲವು ವೇಳೆ ಅರ್ಧದ ಆಸುಪಾಸಿಗೆ ಇಳಿಯುವುದುಂಟು. ಹಲಗೆಯ ಭಾರ ಬಾಗಿಸುವುದು ಮೂಲೆಯನ್ನು. ಎರಡು ತೋಳುಗಳು ಕೂಡುವ ಆ ಮೂಲೆಯಲ್ಲೇ ಪದರಗಳ ಕೂಡುಗೆರೆಯೂ ಇತ್ತು. ಭಾರವು ಪದರಗಳನ್ನು ಒಂದರಿಂದೊಂದು ಬೇರ್ಪಡಿಸುವ ದಿಕ್ಕಿನಲ್ಲಿಯೇ ಎಳೆಯಿತು. ಗಮನಿಸಬೇಕಾದ ಅಂಶವೆಂದರೆ, ರೂ. 167ರ ಮೊದಲ ಮಾದರಿಯಲ್ಲೂ ಇದೇ ದೋಷವಿತ್ತು. ಹೆಚ್ಚಿನ ಹಣ ತೆತ್ತದ್ದು ಆಸರೆಗೇ ವಿನಾ ಬಲಕ್ಕಲ್ಲ.

ಮೂರನೆಯ ಬಾರಿ ಬ್ರಾಕೆಟ್ಟನ್ನು ಪಕ್ಕಕ್ಕೆ ಮಲಗಿಸಲಾಯಿತು. ಮೇಲಿನಿಂದ ನೋಡಿದರೆ ಎಲ್ ಅಕ್ಷರವೇ ಕಾಣುವಂತೆ, 30 ಮಿ.ಮೀ. ಅಗಲವು ಎತ್ತರವಾಗುವಂತೆ ಇಟ್ಟರು. ಈಗ ಪ್ರತಿ ಪದರವೂ ಒಂದು ಸಂಪೂರ್ಣ ಎಲ್. ಎಳೆ ಒಂದು ತೋಳಿನಿಂದ ಮೂಲೆ ಸುತ್ತಿ ಇನ್ನೊಂದು ತೋಳಿಗೆ ಮುರಿಯದೆ ಸಾಗುತ್ತದೆ. ಭಾರವನ್ನು ಎಳೆಯೇ ಹೊರುತ್ತದೆ. ಆಸರೆ ಬೇಕಿಲ್ಲ, ವೆಚ್ಚವೂ ಹೆಚ್ಚುಕಡಿಮೆ ಅದೇ ರೂ. 81.

ಈ ಭಂಗಿಗೂ ಮೂರು ಮಿತಿಗಳಿವೆ. ತಟ್ಟೆಗೆ ತಾಗುವ ಪಟ್ಟಿ 5 ಮಿ.ಮೀ. ಮಾತ್ರ ಅಗಲವಾದುದರಿಂದ ತುದಿಗಳು ಮೇಲೇಳಬಹುದು. ಸುತ್ತಲೂ ಬ್ರಿಮ್ ಎಂಬ ತೆಳು ಅಂಚು ಹಾಕಿದರೆ ಸಾಕು. ರಂಧ್ರಗಳು ಅಡ್ಡ ಮಲಗುವುದರಿಂದ ಅವುಗಳ ಮೇಲ್ಭಾಗ ತುಸು ಜೋಲುತ್ತದೆ. ಡ್ರಿಲ್ ಹಾಯಿಸಿ ಸರಿಪಡಿಸಬೇಕು. ಶಂಕುವಿನಾಕಾರದ ತಲೆಯ ಸ್ಕ್ರೂ ಬಿಗಿದರೆ ಅದು ಬೆಣೆಯಂತೆ ಪದರಗಳನ್ನು ಸೀಳಬಲ್ಲದು. ಚಪ್ಪಟೆ ತಲೆಯ ಸ್ಕ್ರೂ ಮತ್ತು ವಾಷರ್ ಬಳಸುವುದು ಕ್ಷೇಮ.

ಹಾಗಾಗಿ ನಿರ್ಧಾರದ ಕ್ರಮ ಹೀಗಿರಬೇಕು. ಮೊದಲು ಭಾರ ಯಾವ ದಿಕ್ಕಿನಲ್ಲಿ ಎಳೆಯುತ್ತದೆ ಎಂದು ಗುರುತಿಸಿ, ಪದರಗಳು ಆ ಎಳೆತಕ್ಕೆ ಅಡ್ಡವಾಗಿ ಬೀಳದಂತೆ ಭಂಗಿ ಆರಿಸಬೇಕು. ಅನಂತರ ಆ ಭಂಗಿಯಲ್ಲಿ ಆಸರೆಯನ್ನು ಎಷ್ಟು ಕಡಿಮೆ ಮಾಡಬಹುದೆಂದು ನೋಡಬೇಕು. ಮೇಲ್ಮೈಯ ನಯ ಕೊನೆಯದು. ಒಂದೇ ಸಮತಲದಲ್ಲಿ ಸೇರದ ಮೂರು ದಿಕ್ಕುಗಳಲ್ಲೂ ಬಲವಾದ ಎಳೆತವಿದ್ದರೆ ಯಾವ ಒಂದು ಭಂಗಿಯೂ ಸಾಲದು. ವಸ್ತುವನ್ನು ಎರಡು ತುಂಡುಗಳಾಗಿ ಮುದ್ರಿಸಿ ಬೋಲ್ಟ್ ಹಾಕಬೇಕಾಗುತ್ತದೆ. ನೈಲಾನ್ ಪುಡಿಯನ್ನು ಲೇಸರಿನಿಂದ ಬೆಸೆಯುವ ಯಂತ್ರಗಳಲ್ಲಿ ಸುತ್ತಲಿನ ಪುಡಿಯೇ ಆಸರೆಯಾಗುವುದರಿಂದ ಮೇಲಿನ ಆಸರೆಯ ಲೆಕ್ಕ ಅವುಗಳಿಗೆ ಅನ್ವಯಿಸುವುದಿಲ್ಲ.

ಕೊನೆಯದಾಗಿ ಜಮಾ-ಖರ್ಚು. 50 ನಗಗಳನ್ನು ಮತ್ತೆ ಮುದ್ರಿಸಲು ತಗುಲಿದ್ದು ರೂ. 4,050. ಉಳಿತಾಯವೆಂದು ಎಣಿಸಿದ್ದ ರೂ. 4,300ರಲ್ಲಿ ಉಳಿದದ್ದು ರೂ. 250, ಅದು ವಾಪಸು ಸಾಗಣೆಗೂ ಸಾಲಲಿಲ್ಲ. ಈಗ ಆ ಘಟಕವು ಪ್ರತಿ ನಕ್ಷೆಯ ಮೇಲೂ ಭಾರದ ದಿಕ್ಕನ್ನು ಒಂದು ಬಾಣದಿಂದಲೂ, ಮುದ್ರಣದ ದಿಕ್ಕನ್ನು ಇನ್ನೊಂದು ಬಾಣದಿಂದಲೂ ಗುರುತಿಸಿ, ಮೊದಲ ನಗಕ್ಕೆ ನಿಗದಿತ ಭಾರದ ಎರಡರಷ್ಟು ತೂಗುಹಾಕಿ ನೋಡಿದ ಮೇಲೆಯೇ ಉಳಿದವುಗಳನ್ನು ಆರಂಭಿಸುತ್ತದೆ. ಹೊರಗಿನವರಿಂದ ಮುದ್ರಿಸಿಕೊಳ್ಳುವ ಸದಸ್ಯರು ಈ ಎರಡು ಬಾಣಗಳನ್ನು ಖರೀದಿ ಆದೇಶದಲ್ಲಿಯೇ ನಮೂದಿಸುವುದು ಒಳಿತು.